ಮದುವೆಯ ಬಯೋಡೇಟಾ ಬರೆಯುವ ಕೈಯಿಂದ ನನ್ನದೇ ಪ್ರೊಫೈಲು

ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಸಂಬಂಧ ನೋಡಲು ಶುರುಮಾಡಿದರೂ ಬಯೋಡೇಟಾ ಬರೆಯುವ ಕೆಲಸ ನನ್ನ ಕೊರಳಿಗೇ ಬೀಳುತ್ತದೆ. ಮೇಲೆ ಮನೆದೇವರ ಹೆಸರು, ಕೆಳಗೆ ಹುಟ್ಟಿದ ದಿನ, ಎತ್ತರ, ಓದು, ತಂದೆಯ ಉದ್ಯೋಗ, ಸೋದರಮಾವಂದಿರ ಊರು, ಕೊನೆಗೆ 'ಶಾಂತ ಸ್ವಭಾವ' ಎಂಬ ಒಂದು ಹಸಿ ಸುಳ್ಳು. ನಾನು ಬರೆದುಕೊಟ್ಟ ಕಾಗದದಿಂದ ಕೂಡಿಬಂದ ಮದುವೆಗಳು ಬೇಕಾದಷ್ಟಿವೆ. ಹೀಗಾಗಿ ನಿವೃತ್ತಿಯ ಮೇಲೆ ನನ್ನದೇ ಒಂದು ಪ್ರೊಫೈಲು ಬರೆಯಬೇಕಾಗಿ ಬಂದಾಗ, ಇದೇನು ಮಹಾ ಎಂದುಕೊಂಡೇ ಕೂತೆ.

ಬೆಳಗಾವಿಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷದ ಮೇಲೆ ದುಡಿದವಳು ನಾನು. ಭಟ್ಟಿಗಳ ಒಳಗೆ ಹಾಸುವ, ಶಾಖ ತಾಳುವ ಇಟ್ಟಿಗೆ ನಮ್ಮ ಸರಕು. ಮಣ್ಣು ಹೇಗೆ ಒಣಗುತ್ತದೆ, ಬೆಂಕಿಯಲ್ಲಿ ಹೇಗೆ ಬೇಯುತ್ತದೆ, ಎಲ್ಲಿ ಸೀಳುತ್ತದೆ ಎಂದು ನೋಡುವುದು ನನ್ನ ಕೆಲಸ. ಬೀಳ್ಕೊಡುಗೆಯ ಶಾಲು ಹೊದ್ದು ರಾಮತೀರ್ಥ ನಗರದ ಮನೆಗೆ ಬಂದ ಮೇಲೆ ನನ್ನ ಯಜಮಾನರು, ಇನ್ನು ಆರಾಮಾಗಿರು, ಅಂದರು. ಅವರು ನನಗಿಂತ ಮೊದಲೇ ಬ್ಯಾಂಕಿನಿಂದ ನಿವೃತ್ತರಾಗಿ ಆರಾಮಿನಲ್ಲಿ ಪಳಗಿದವರು. ನನಗೆ ಆರಾಮ ಬೇಕಿರಲಿಲ್ಲ, ಭಟ್ಟಿ ಬೇಕಿತ್ತು. ಬೆಳಿಗ್ಗೆ ಎದ್ದು ಯಾವ ಸಮಸ್ಯೆಯೂ ಇಲ್ಲ ಎಂದರೆ ನನಗೆ ಊಟ ಸೇರುವುದಿಲ್ಲ. ಎರಡೇ ತಿಂಗಳಲ್ಲಿ ನಾನು ಹಾಲಿನವನ ಜೊತೆ, ಪಕ್ಕದ ಮನೆಯ ನೀರಿನ ಪೈಪಿನ ಜೊತೆ, ಕುಕ್ಕರಿನ ಜೊತೆ ಜಗಳ ತೆಗೆದು ಮುಗಿಸಿದ್ದೆ.

ಆಗ ತಿಳಿಯಿತು, ಖಾನಾಪುರದ ಒಂದು ಹೆಂಚಿನ ಕಾರ್ಖಾನೆಗೆ ಸಲಹೆಗಾರರು ಬೇಕಾಗಿದ್ದಾರೆ, ತಿಂಗಳಿಗೆ ಎರಡು ಮೂರು ಸಲ ಬಂದು ಹೋದರೆ ಸಾಕು ಎಂದು. ಹೆಂಚು ಸೀಳುತ್ತಿದ್ದವು, ಹೊಸ ಭಟ್ಟಿ ಕಟ್ಟಬೇಕೆಂದಿದ್ದರು, ಸಾಲ ಕೊಡುವ ಬ್ಯಾಂಕು ತಾಂತ್ರಿಕ ಸಲಹೆಗಾರರ ಪ್ರೊಫೈಲು ಕೇಳಿತ್ತು. ಸುದ್ದಿ ಕೇಳಿ ನನಗೆ ಕುಣಿಯುವಂತಾಯಿತು, ಸುಳ್ಳೇಕೆ ಹೇಳಲಿ. ಆ ಕೆಲಸ ನನಗೇ ಸಿಗಬೇಕು ಅನ್ನಿಸಿತು, ಹಟವೇ ಬಂತು.

ಒಂದೇ ಪಟ್ಟಿಗೆ ಕೂತು ಆರು ಪುಟ ಬರೆದೆ. ಕೈ ತನ್ನ ಅಭ್ಯಾಸದ ದಾರಿಯಲ್ಲೇ ಹೋಯಿತು. ಹುಟ್ಟಿದ ದಿನ, ತಂದೆಯವರ ಹೆಸರು ಮತ್ತು ಅವರ ಶಿಕ್ಷಕ ವೃತ್ತಿ, ತವರು ನಂದಗಡ, ಮನೆಯವರ ಬ್ಯಾಂಕಿನ ಹುದ್ದೆ, ಮಗಳು ಅಳಿಯ ಇಬ್ಬರೂ ಹುಬ್ಬಳ್ಳಿಯಲ್ಲಿ ಡಾಕ್ಟರು. ಆಮೇಲೆ ನನ್ನ ಹುದ್ದೆಗಳು, ಬಡ್ತಿಗಳು, ಸಿಕ್ಕ ಸನ್ಮಾನಗಳು. ಕೊನೆಗೆ, ಆಣೆಗೂ ಹೇಳುತ್ತೇನೆ, 'ಶಾಂತ ಸ್ವಭಾವ' ಎಂದೂ ಬರೆದಿದ್ದೆ. ಯಜಮಾನರು ಕನ್ನಡಕ ಏರಿಸಿ ಓದಿ, ಎತ್ತರ ಒಂದು ಬಿಟ್ಟೀಯಲ್ಲ, ಅಂದರು. ನನಗೆ ಅದು ಹೊಟ್ಟೆಕಿಚ್ಚಿನ ಮಾತಾಗಿ ಕೇಳಿಸಿತು. ತಕ್ಷಣ ಕಳಿಸಿಬಿಟ್ಟೆ.

ಮರುದಿನ ಕಾರ್ಖಾನೆಯ ಮಾಲೀಕರ ಫೋನು ಬಂತು. ಐವತ್ತರ ಆಸುಪಾಸಿನ, ಬಹಳ ಮರ್ಯಾದೆಯ ಮನುಷ್ಯ, ಹೆಂಗಸರನ್ನು ಬಾಯಾರ ಎಂದೇ ಕರೆಯುವವರು. ತಲೆಮಾರುಗಳಿಂದ ಅಲ್ಲೇ ಇರುವ ಜೈನ ಮನೆತನ.

"ಬಾಯಾರ, ನಿಮ್ಮ ಮನಿತನ ಛಲೋ ತಿಳೀತ್ರಿ. ನೀವು ಏನ್ ಮಾಡ್ತೀರಿ ಅನ್ನೂದು ತಿಳೀಲಿಲ್ಲ. ಕೆಲಸದ್ದು ಏನರ ಇದ್ರ ಕಳಸ್ರಿ, ನಮ್ಮ ಕಾಕಾಗ ತೋರಸ್ತೀನಿ."

ಫೋನಿಟ್ಟ ಮೇಲೆ ಮುಖ ಕೆಂಪಗಾಯಿತು. ಮೂವತ್ತು ವರ್ಷ ಮಣ್ಣಿನ ಜೊತೆ ಗುದ್ದಾಡಿದವಳಿಗೆ ಏನು ಮಾಡುತ್ತೀರಿ ಎಂದು ಕೇಳುವುದೇ? ಸಿಟ್ಟು ಇಳಿದ ಮೇಲೆ ಆರು ಪುಟ ತೆಗೆದು ಮತ್ತೆ ಓದಿದೆ. ಆ ಮನುಷ್ಯ ಹೇಳಿದ್ದು ಖರೇ ಇತ್ತು. ನನ್ನನ್ನು ಯಾರಿಗಾದರೂ ಮದುವೆ ಮಾಡಿಕೊಡಬಹುದಿತ್ತು, ಕೆಲಸಕ್ಕೆ ಕರೆಯುವಂತಿರಲಿಲ್ಲ.

ಅನಗೋಳದಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬಳಿದ್ದಾಳೆ. ಒಂದು ಕಾಲಕ್ಕೆ ನನ್ನ ಕೈಕೆಳಗೆ ಕಲಿತವಳು, ಈಗ ಕಾರ್ಖಾನೆಗಳಿಗೆ ಜನ ಹುಡುಕಿಕೊಡುವ ಸ್ವಂತ ಆಫೀಸು ಇಟ್ಟಿದ್ದಾಳೆ. ಆಟೋ ಹಿಡಿದು ಹೋದೆ. ಅವಳು ನನ್ನ ಆರು ಪುಟ ನೋಡಿ ನಗಲಿಲ್ಲ, ಅದೇ ದೊಡ್ಡದು. ಪೆನ್ಸಿಲು ತೆಗೆದು ನಮ್ಮಪ್ಪನನ್ನು ಹೊಡೆದಳು, ನಂದಗಡವನ್ನು ಹೊಡೆದಳು, ಅಳಿಯನನ್ನು ಹೊಡೆದಳು. ಶಾಂತ ಸ್ವಭಾವಕ್ಕೆ ಬಂದಾಗ ಮಾತ್ರ ನನ್ನ ಮುಖ ನೋಡಿದಳು.

ಆಮೇಲೆ ನನಗೆ ಪಾಠ ಹೇಳಿದಳು. ಕೆಲಸ ಹುಡುಕುವ ಹುಡುಗರ ರೆಸ್ಯೂಮೆ ಬೇರೆ, ಸಲಹೆಗಾರರ ಪ್ರೊಫೈಲು ಬೇರೆ. ಮೊದಲು ಒಂದೇ ಪುಟದ ಪ್ರೊಫೈಲು: ಯಾರಿಗೆ, ಯಾವ ತೊಂದರೆಗೆ ನಾನು ಉಪಯೋಗ. ಕೆಳಗೆ ನಾನು ಬಿಡಿಸಿದ ಮೂರು ನಾಲ್ಕು ತೊಡಕುಗಳು: ಏನಾಗಿತ್ತು, ನಾನೇನು ಮಾಡಿದೆ, ಏನಾಯಿತು. ತಿಂಗಳಿಗೆ ಎಷ್ಟು ದಿನ ಬರಬಲ್ಲೆ, ಯಾವ ಭಾಷೆ ಬರುತ್ತದೆ. ಅದರ ಹಿಂದೆ ಎರಡು ಪುಟದ ರೆಸ್ಯೂಮೆ, ಇತ್ತೀಚಿನ ಕೆಲಸ ಮೇಲೆ, ಹಳೆಯದು ಕೆಳಗೆ. ಹಳೆಯ ಕಂಪನಿಯ ಮಿಶ್ರಣದ ಗುಟ್ಟು ಒಂದಕ್ಷರವೂ ಬರಬಾರದು, ಗಿರಾಕಿಗಳ ಹೆಸರೂ ಬೇಡ. ನನ್ನ ಬಗ್ಗೆ ಹೇಳಬಲ್ಲ ಇಬ್ಬರ ಹೆಸರನ್ನು ಅವರನ್ನು ಕೇಳಿಯೇ ಕೊಡಬೇಕು. ಸಂಭಾವನೆ ಇದರಲ್ಲಿ ಬೇಡ, ಕೆಲಸದ ವ್ಯಾಪ್ತಿ ಗೊತ್ತಾದ ಮೇಲೆ ಬೇರೆ ಪತ್ರದಲ್ಲಿ.

ಇಷ್ಟಕ್ಕೆಲ್ಲ ಹೂಂ ಅಂದೆ. ಜಗಳ ಬಂದದ್ದು 'ನಾನು' ಎಂಬಲ್ಲಿ. ನಾನು ಬರೆದದ್ದೆಲ್ಲ 'ವಿಭಾಗದ ವತಿಯಿಂದ ಪರಿಹರಿಸಲಾಯಿತು', 'ಸಾಹೇಬರ ಮಾರ್ಗದರ್ಶನದಲ್ಲಿ ನೆರವೇರಿತು' ಎಂದೇ ಇತ್ತು. ನಮ್ಮಲ್ಲಿ ನಾ ಮಾಡೀನಿ ಅಂದವರಿಗೆ ಸೊಕ್ಕು ಅನ್ನುತ್ತಾರೆ, ಹೆಂಗಸು ಅಂದರಂತೂ ಕೇಳುವುದೇ ಬೇಡ. ಅವಳು ಪೆನ್ಸಿಲು ಕೆಳಗಿಟ್ಟಳು.

"ಅಕ್ಕಾರ, ಇಟ್ಟಂಗಿ ಒಡೀತಿದ್ದಾಗ ವಾರಗಟ್ಟಲೆ ಭಟ್ಟಿ ಬಾಜು ಕುಂತಾವ್ರು ಯಾರು? ವಿಭಾಗ ಕುಂತಿತ್ತೇನ್ರಿ?"

ಅವಳಾಗ ಹೊಸ ಹುಡುಗಿ, ನನ್ನ ಜೊತೆ ಕೂತವಳೇ. ಪೆನ್ನು ತೆಗೆದು 'ನಾನು ಪತ್ತೆಹಚ್ಚಿದೆ' ಎಂದು ಬರೆದೆ. ಕಣ್ಣು ತುಂಬಿ ಬಂತು, ಜೊತೆಗೆ ಒಂದು ನಮೂನೆಯ ಖುಷಿಯೂ ಆಯಿತು. ರುಚಿ ಹತ್ತಿದ ಮೇಲೆ ಕೇಳಬೇಕೇ, ನಾನು ನಾನು ಎಂದು ಇಡೀ ಪುಟ ಬರೆದೆ. ಅವಳೇ ನಾಲ್ಕು ಕಡೆ ಕಡಿಮೆ ಮಾಡಿಸಿದಳು.

ಕೊನೆಯ ಸಾಲು ಮಾತ್ರ ಅವಳಿಗೆ ಇಷ್ಟವಿಲ್ಲದೆಯೂ ನಾನೇ ಸೇರಿಸಿದೆ. 'ಭಟ್ಟಿಯ ಕಟ್ಟಡದ ನಕ್ಷೆ, ವಿದ್ಯುತ್ ಕೆಲಸ, ಬಣ್ಣದ ಹೊಳಪಿನ ಟೈಲ್ಸು, ಈ ಮೂರಕ್ಕೆ ನಾನು ಸಲಹೆ ಕೊಡುವುದಿಲ್ಲ.' ಭಟ್ಟಿ ಕಟ್ಟುವವರಿಗೇ ಇದನ್ನು ಕಳಿಸಿದರೆ ಕೆಲಸ ಹೋಗುತ್ತದೆ ಎಂದು ಅವಳು ವಾದಿಸಿದಳು. ಮದುವೆ ಕಾಗದದಲ್ಲಿ ಬೇಕಾದಷ್ಟು ಮುಚ್ಚಿಟ್ಟಿದ್ದೇನೆ, ನನ್ನ ಕಾಗದದಲ್ಲಿ ಮುಚ್ಚಿಡುವುದಿಲ್ಲ ಅಂದೆ.

ಅದನ್ನು ಕಳಿಸಿದ ಎರಡೇ ದಿನಕ್ಕೆ ಮಾಲೀಕರಿಂದ ಕರೆ ಬಂತು. ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು, ಪ್ರೊಫೈಲನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ. ಕಾರ್ಖಾನೆಯ ಆಫೀಸಿನಲ್ಲಿ ಮಾಲೀಕರು, ಅವರ ಪಕ್ಕದಲ್ಲಿ ಅವರ ಚಿಕ್ಕಪ್ಪ, ಬಿಳಿ ಟೋಪಿಯ ಕಾಕಾ. ಕೊನೆಯ ಮಾತು ಕಾಕಾರದ್ದೇ ಎಂದು ಕೂತ ರೀತಿಯಿಂದಲೇ ಗೊತ್ತಾಗುತ್ತಿತ್ತು. ಮೇಜಿನ ಮೇಲೆ ನನ್ನ ಮೂರು ಪುಟದ ಬಾಜುವಿಗೆ ಇನ್ನೊಂದು ಕಡತ ಇತ್ತು, ದಪ್ಪ ಹೊಳೆಯುವ ಕಾಗದದ್ದು, ಬೇರೆ ಊರಿನ ಒಬ್ಬ ಸಲಹೆಗಾರರದ್ದು.

ಕಾಕಾ ನನ್ನ ಪ್ರೊಫೈಲಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಒಣಗುವಾಗ ಬಂದ ಸೀಳು ಯಾವುದು, ಸುಟ್ಟ ಮೇಲೆ ಬಂದದ್ದು ಯಾವುದು ಎಂದು ಗುರುತಿಸಿ ಕಾರಣ ಪತ್ತೆಹಚ್ಚುವುದು.' ಇದು ಬರುತ್ತದೆಯೋ ಎಂದು ಕೇಳಿದರು. ಸೀಳಿದ ಹೆಂಚು ತರಿಸಿರಿ ಅಂದೆ. ಒಂದು ಬುಟ್ಟಿ ಬಂತು. ಅಂಚಿನಲ್ಲಿ ಬಾಯಿ ತೆರೆದು ಒಳಗೆ ಹೋಗುತ್ತ ಸಣ್ಣಗಾದ, ಸೀಳಿನ ಒಳಗೂ ಬೆಂಕಿಯ ಮಸಿ ಹತ್ತಿದ ಹೆಂಚುಗಳನ್ನು ಒಂದು ಕಡೆ ಇಟ್ಟೆ. ಅವು ಭಟ್ಟಿಗೆ ಹೋಗುವ ಮೊದಲೇ ಒಡೆದಿದ್ದವು. ಕೂದಲೆಳೆಯಷ್ಟು ಸಣ್ಣ, ಚೊಕ್ಕ ಗೆರೆಯವು ಸುಟ್ಟ ಮೇಲೆ ಭಟ್ಟಿ ತಣಿಸುವಾಗ ಒಡೆದವು, ಬಾಗಿಲು ಬೇಗ ತೆರೆದರೆ ಹಾಗಾಗುತ್ತದೆ. ಮೊದಲನೆಯ ಗುಂಪೇ ದೊಡ್ಡದಾಯಿತು.

ಆಮೇಲೆ ಒಣಗಿಸುವ ಶೆಡ್ಡಿಗೆ ಹೋದೆವು. ಪಡುವಣ ಬದಿ ಪೂರಾ ತೆರೆದಿತ್ತು, ಗಾಳಿ ನೇರ ಹಸಿ ಹೆಂಚಿನ ಅಂಚಿಗೆ ಬಡಿಯುತ್ತಿತ್ತು. ನಡುವೆ ಇನ್ನೂ ಹಸಿ, ಅಂಚು ಬೇಗ ಒಣಗಿ ಬಿಗಿಯುತ್ತದೆ, ಸೀಳದೆ ಏನು ಮಾಡೀತು? ಕೆಲಸಗಾರರಿಗೆ ಮರಾಠಿಯಲ್ಲಿ ಕೇಳಿದೆ, ಆ ಬದಿಯ ಹೆಂಚೇ ಜಾಸ್ತಿ ಒಡೆಯುತ್ತವೆ ಎಂದು ಅವರೂ ಹೇಳಿದರು.

ಈಗ ಬಾಯಿಗೆ ಬಂದ ಮಾತು ಹೇಳಿದರೆ ನನ್ನ ಕೆಲಸಕ್ಕೇ ಕಲ್ಲು ಬೀಳಬಹುದಿತ್ತು. ಸಲಹೆಗಾರ್ತಿ ಬೇಕಾಗಿದ್ದೇ ಹೊಸ ಭಟ್ಟಿಗೆ. ಆದರೂ ಹೇಳಿದೆ. "ಕಾಕಾರ, ಈಗ ಭಟ್ಟಿ ಕಟ್ಟಬ್ಯಾಡ್ರಿ. ಮೊದ್ಲ ಈ ಗಾಳಿ ತಡೀರಿ. ಹೊಸಾ ಭಟ್ಟಿ ಕಟ್ಟಿದ್ರೂ ಒಡದ ಹೆಂಚನ್ನ ಸುಡತೀರಿ."

ಮಾಲೀಕರು ಕಾಕಾರ ಮುಖ ನೋಡಿದರು. ಕಾಕಾ ಪ್ರೊಫೈಲಿನ ಕೊನೆಯ ಸಾಲನ್ನು, ನಾನು ಏನು ಮಾಡುವುದಿಲ್ಲ ಎಂಬುದನ್ನು, ಗಟ್ಟಿಯಾಗಿ ಓದಿದರು.

"ಆ ದಪ್ಪ ಕಾಗದದಾವ ಎಲ್ಲಾ ಬರತೈತಿ ಅಂತ ಬರದಾನ. ಎಲ್ಲಾ ಬರತೈತಿ ಅನ್ನಾವಂಗ ನಾ ನಮ್ಮ ಮನಿ ಹೆಣ್ಣೂ ಕೊಡಂಗಿಲ್ಲ, ಕೆಲಸಾನೂ ಕೊಡಂಗಿಲ್ಲ. ಯಾವಾಗಿಂದ ಬರ್ತೀರಿ ಬಾಯಾರ?"

ಬಸ್ಸಿನಲ್ಲಿ ವಾಪಸು ಬರುವಾಗ ಒಬ್ಬಳೇ ನಗುತ್ತಿದ್ದೆ. ಬಾಜೂಕಿನ ಹೆಂಗಸು ಸರಿದು ಕೂತಳು.

ಮೂರು ತಿಂಗಳ ಒಪ್ಪಂದ ಪತ್ರವಾಯಿತು, ವ್ಯಾಪ್ತಿ ಒಣಗಿಸುವ ಶೆಡ್ಡು ಮತ್ತು ಭಟ್ಟಿ ತಣಿಸುವ ಕ್ರಮ. ಪಡುವಣ ಬದಿಗೆ ಗೋಣಿತಟ್ಟಿನ ಪರದೆ ಬಂತು, ಮೊದಲ ದಿನಗಳಲ್ಲಿ ಹೆಂಚು ನಿಧಾನ ಒಣಗುವಂತೆ ಸಾಲುಗಳನ್ನು ಅದಲುಬದಲು ಮಾಡಿಸಿದೆ, ಭಟ್ಟಿ ತಣಿಯುವ ಮೊದಲು ಅದರ ಬಾಗಿಲು ಮುಟ್ಟಿದವರಿಗೆ ಎರಡೂ ಭಾಷೆಯಲ್ಲಿ ಬೈದೆ. ಹೊಸ ಪ್ರೊಫೈಲಿನಲ್ಲಿ ಶಾಂತ ಸ್ವಭಾವ ಎಂದು ಬರೆಯದಿದ್ದದ್ದು ಒಳ್ಳೆಯದೇ ಆಯಿತು. ಮೂರನೆಯ ತಿಂಗಳು ಭಟ್ಟಿ ತೆರೆದ ದಿನ ಕಾಕಾ ಒಂದೊಂದು ಹೆಂಚನ್ನೂ ಬೆರಳಿನಿಂದ ಬಡಿದು ನೋಡಿದರು. ಟಣ್ ಟಣ್ ಎಂದವು. ಒಡಕಿನ ಬುಟ್ಟಿ ತಳ ಕಾಣುತ್ತಿತ್ತು. ಒಪ್ಪಂದವನ್ನು ಒಂದು ವರ್ಷಕ್ಕೆ ಮುಂದುವರಿಸಿದರು, ತಮ್ಮ ಬೀಗರ ಇಟ್ಟಿಗೆ ಕಾರ್ಖಾನೆಗೂ ನನ್ನ ಪ್ರೊಫೈಲು ಕಳಿಸಿದರು.

ಅಂದು ಹೊರಡುವಾಗ ಮಾಲೀಕರ ತಾಯಿ ಒಳಗೆ ಕರೆದು ಚಹಾ ಕೊಟ್ಟರು. ನನ್ನ ಹಳೆಯ ಆರು ಪುಟ ಅವರ ಕೈಯಲ್ಲಿತ್ತು. ಮೊಮ್ಮಗಳಿಗೆ ಸಂಬಂಧ ನೋಡುತ್ತಿದ್ದೇವೆ, ಈ ನಮೂನೆ ಬಹಳ ಛಲೋ ಅದ, ಹಿಂಗೇ ಒಂದು ಬರೆದುಕೊಡ್ರಿ ಅಂದರು. ಬರೆದುಕೊಟ್ಟೆ. ಆದರೆ ಮೊದಲು ಹುಡುಗಿಯನ್ನು ಕರೆಸಿ, ನೀನು ಏನು ಮಾಡುತ್ತೀ ಎಂದು ಕೇಳಿ, ಅದನ್ನೇ ಎಲ್ಲಕ್ಕಿಂತ ಮೇಲೆ ಬರೆದೆ. ಏನು ಮಾಡುವುದಿಲ್ಲ ಎಂಬುದನ್ನು ಹುಡುಗಿ ತಾನೇ ಕೊನೆಯಲ್ಲಿ ಬರೆದಳು.

ಮನೆಗೆ ಬಂದು ನನ್ನ ರೆಸ್ಯೂಮೆ ತೆರೆದೆ. ಮೇಲಿನ ಸಾಲಿನಲ್ಲಿ ನನ್ನ ಹಳೆಯ ಹುದ್ದೆ, ಅದರ ಮುಂದೆ ಸೇರಿದ ತಾರೀಖು, ನಿವೃತ್ತಿಯ ತಾರೀಖು. ಆ ಎರಡನೆಯ ತಾರೀಖನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಅದರ ಮೇಲೆ ಹೊಸ ಸಾಲು ಸೇರಿಸಿದೆ: ತಾಂತ್ರಿಕ ಸಲಹೆಗಾರ್ತಿ, ಹೆಂಚಿನ ಕಾರ್ಖಾನೆ, ಖಾನಾಪುರ ತಾಲೂಕು. ಶುರುವಾದ ತಾರೀಖು ಹಾಕಿದೆ. ಮುಗಿದ ತಾರೀಖಿನ ಜಾಗದಲ್ಲಿ 'ಮುಂದುವರಿದಿದೆ' ಎಂದು ಬರೆದು, ಯಜಮಾನರನ್ನು ಕೂಗಿ ಕರೆದು ಓದಿಸಿದೆ.