ತೊಟ್ಟಿಲ ಮೇಲಿನ ಗಿಳಿ

ಅಕ್ಕನ ಕೂಸಿನ ತೊಟ್ಟಿಲಿಗೆ ಗಿಳಿ ಆರಿಸಿದ್ದು ನನ್ನ ಅಭಿರುಚಿ ಎಂದು ಮನೆಯವರು ಹೇಳುವುದು ಸುಳ್ಳು. ಆ ದಿನ ನನಗಿದ್ದದ್ದು ಬರೀ ಬೇಸರ. ಮರದ ಗೊಂಬೆ ಮಾಡುವ ಕಿನ್ನಾಳದ ಮುದುಕ ಚಿತ್ರಗಾರರೊಬ್ಬರು ಎರಡು ಗಿಳಿ ತಂದಿದ್ದರು. ಹೊಳೆಯುವ ಬೆನ್ನಿನದು ಅವರ ಮಗ ಮಾಡಿದ್ದು, ಮಂಕಾದದ್ದು ಅವರೇ ಮಾಡಿದ್ದು. ಬೇಕಾದದ್ದು ಒಂದೇ. ಯಾವುದು ಚೆಂದ ಎಂದು ಮುಂಜಾನೆಯಿಂದ ವಾದ ನಡೆದು, ಎಲ್ಲರೂ ಹೊಳೆಯುವುದರತ್ತ ವಾಲಿದ್ದರು.

“ಚೆಂದ ಯಾರಿಗೆ? ನೋಡಾಕಿ ತೊಟ್ಟಿಲದಾಗ ಮಲಗಿರ್ತಾಳ,” ಎಂದೆ.

“ಬಂದ ನೋಡ್ರಿ ವಕೀಲ!” ಎಂದಳು ಅಕ್ಕ.

ನಾನು ಚಾಪೆಯ ಮೇಲೆ ಅಂಗಾತ ಮಲಗಿ, ಎರಡನ್ನೂ ಮೇಲೆ ಹಿಡಿಸಿ ನೋಡಿದೆ. ಹೊಳೆಯುವುದರ ಹೊಟ್ಟೆಗೆ ಬಣ್ಣವೇ ಇರಲಿಲ್ಲ. ಮಂಕಾದದ್ದರ ಹೊಟ್ಟೆಯ ತುಂಬ ಕೆಂಪು, ಹಳದಿ ಪಟ್ಟೆ. ಅಕ್ಕನೂ ಮಲಗಿ ನೋಡಿದಳು. ಮಂಕಾದದ್ದನ್ನೇ ಕಟ್ಟಿದೆವು.

ಮುದುಕರು ಮಗನ ಗಿಳಿಯನ್ನು ಬಟ್ಟೆಯಲ್ಲಿ ನಿಧಾನವಾಗಿ ಸುತ್ತತೊಡಗಿದರು.

“ಕಾಕಾ, ಇದೆಲ್ಲಾ ಗೊತ್ತಿದ್ದೂ ಮುಂಜಾನಿಂದ ಯಾಕ ಸುಮ್ಮನ ಕುಂತಿದ್ರಿ? ಮಗಂದ ಹೋಗ್ಲಿ ಅಂತೇನು?” ಎಂದೆ.