ದೊಡ್ಡವರ ಮುಂದೆ ಒಂದನೇ ತರಗತಿಯ ಟೀಚರ್

ನಮ್ಮ ಶಾಲೆಯ ಒಂದನೇ ತರಗತಿಯ ಟೀಚರಿಗೆ ನಾವಿಟ್ಟ ಹೆಸರು ಪಿಸುಮಾತು. ತರಗತಿ ತುಂಬ ಇರುವ ಮಕ್ಕಳನ್ನು ದನಿ ಏರಿಸದೆ ಆಳುವವಳಿಗೆ, ಇಬ್ಬರು ದೊಡ್ಡವರ ಎದುರು ನಿಂತರೆ ಬಾಯಿ ಒಣಗುತ್ತಿತ್ತು. ನಾನು ಎರಡನೇ ತರಗತಿಯ ಟೀಚರ್. ನಡುವೆ ಇರುವುದು ಒಂದೇ ಗೋಡೆಯಾದ್ದರಿಂದ ಅವಳ ಬಗ್ಗೆ ಅಧಿಕಾರದಿಂದಲೇ ಮಾತಾಡಬಲ್ಲೆ.

ಅವಳು ಸೇರಿದ ವರ್ಷವೇ ಮುಖ್ಯೋಪಾಧ್ಯಾಯಿನಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ಪೋಷಕರ ಮೊದಲನೇ ಸಭೆ ನೀವೇ ನಡೆಸ್ಬೇಕು. ಆಗಲಿಲ್ಲ ಅಂದ್ರೆ ಒಂದನೇ ಕ್ಲಾಸ್ ಬೇರೆಯವರಿಗೆ ಕೊಡ್ತೀನಿ."

ಅವಳಿಗೆ ಆ ಮಕ್ಕಳೆಂದರೆ ಪ್ರಾಣ. ಅವಳ ಮುಖ ಸಪ್ಪಗಾಯಿತು, ನನಗೆ ಮೈಯೆಲ್ಲ ಉರಿಯಿತು.

ಇಬ್ಬರೂ ಕೂತು ಸಭೆಯ ವಿಷಯಗಳನ್ನು ಬರೆದೆವು. ಮೊದಲು ಅವಳು ಬರೆದದ್ದೆಲ್ಲ ಬರೀ ನಿಯಮಗಳು.

"ಇದನ್ನ ಓದಿದ್ರೆ ಅಪ್ಪಂದಿರು ಗೊರಕೆ ಹೊಡೀತಾರೆ ಕಣೇ" ಎಂದು ನಾನೇ ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ಇಷ್ಟು: ಪರಿಚಯ, ಮಗುವಿನ ದಿನ ಹೇಗೆ ಕಳೆಯುತ್ತದೆ, ಓದು ಹೇಗೆ ಕಲಿಸುತ್ತೇವೆ, ಹೋಮ್‌ವರ್ಕ್, ಟೀಚರಿಗೆ ಯಾವಾಗ ಫೋನ್ ಮಾಡಬಹುದು, ಪ್ರಶ್ನೆಗಳು. ಮನೆಯಲ್ಲಿ ಗಂಡನನ್ನು ಪೋಷಕನನ್ನಾಗಿ ಕೂರಿಸಿ ಅಭ್ಯಾಸ ಮಾಡಿದಳಂತೆ. ಅಡ್ಡಪ್ರಶ್ನೆ ಹಾಕಿದ ತಪ್ಪಿಗೆ ಕಡೆಗೆ ಆತನೇ ಪಾತ್ರೆ ತೊಳೆಯಬೇಕಾಯಿತಂತೆ.

ಸಭೆಯ ದಿನ ಪೋಷಕರು ಮಕ್ಕಳ ಪುಟಾಣಿ ಬೆಂಚುಗಳಲ್ಲಿ ಮಂಡಿ ಮಡಚಿ ಹೇಗೋ ತೂರಿಕೊಂಡಿದ್ದರು. ಅವಳು ನಮಸ್ಕಾರ ಹೇಳಿ ಮುಗಿಸಿದ್ದಳಷ್ಟೆ, ಲಾರಿ ಡ್ರೈವರ್ ಒಬ್ಬ ಎದ್ದು ನಿಂತ.

"ನಮ್ಮ ಹುಡುಗಿಗೆ ಇನ್ನೂ ಒಂದು ವಾಕ್ಯ ಬರೆಯೋಕೆ ಬರಲ್ಲ. ಏನ್ ಕಲಿಸ್ತಿದೀರಿ ಇಲ್ಲಿ?"

ಅಷ್ಟೇ ಸಾಕಾಯಿತು. ನಮ್ಮವನು ಊಟ ಮಾಡಲ್ಲ, ನಮ್ಮವಳಿಗೆ ಲೆಕ್ಕ ಬರಲ್ಲ ಎಂದು ಎಲ್ಲರೂ ಒಟ್ಟಿಗೇ ಶುರುಮಾಡಿದರು. ಅವಳು ಕೈಯಲ್ಲಿದ್ದ ಹಾಳೆಯಲ್ಲಿ ಉತ್ತರ ಹುಡುಕತೊಡಗಿದಳು. ನನ್ನ ಜೊತೆ ಹಿಂದೆ ಕೂತಿದ್ದ ಮುಖ್ಯೋಪಾಧ್ಯಾಯಿನಿ ಸಭೆಯನ್ನು ತಾವೇ ವಹಿಸಿಕೊಳ್ಳಲು ಎದ್ದರು.

ಗಾಬರಿಯಲ್ಲಿ ಅವಳು ಮಕ್ಕಳನ್ನು ಸುಮ್ಮನಾಗಿಸಲು ದಿನಾ ಮಾಡುವುದನ್ನೇ ಮಾಡಿಬಿಟ್ಟಳು. ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯ ಬೆರಳನ್ನು ತುಟಿಗೆ ಒತ್ತಿ ನಿಂತಳು. ಮುಂದಿನ ಬೆಂಚಿನ ತಾಯಿಯೊಬ್ಬಳು ಥಟ್ಟನೆ ಹಾಗೇ ಮಾಡಿದಳು. ಆಮೇಲೆ ಆ ತಾಯಿಗೇ ನಗು ಬಂತು.

"ಅಯ್ಯೋ, ನಮ್ಮನೇಲಿ ದಿನಾ ಇದೇ ಆಟ! ಮಗಳು ಟೀಚರ್, ನಾವೆಲ್ಲ ಮಕ್ಕಳು."

"ನಮ್ಮನೇಲೂ!" ಎಂದು ನಾಲ್ಕಾರು ದನಿಗಳು. ಕೈಗಳು ಒಂದೊಂದಾಗಿ ಮೇಲೆದ್ದವು. ಕೊನೆಗೆ ಡ್ರೈವರನ ಕೈಯೂ ಎದ್ದಿತು, ತರಗತಿ ಗಪ್‌ಚುಪ್.

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟಳು.

"ವಾಕ್ಯ ಬರೆಯೋ ಮುಂಚೆ ಅಕ್ಷರದ ಸದ್ದು ಮಗುವಿನ ಕಿವಿಗೆ ಸಿಗ್ಬೇಕು. ಈಗ ಅದನ್ನೇ ಕಲಿಸ್ತಿದೀನಿ. ಮನೇಲಿ ದಿನಾ ಸ್ವಲ್ಪ ಹೊತ್ತು ಕತೆ ಓದಿ ಹೇಳಿ. ಹೋಮ್‌ವರ್ಕ್ ಮಗುನೇ ಮಾಡ್ಲಿ, ತಪ್ಪಿದ್ರೆ ಹಾಗೇ ಕಳಿಸಿ. ತಪ್ಪು ಕಂಡ್ರೆ ತಾನೇ ಏನು ಕಲಿಸ್ಬೇಕು ಅಂತ ನನಗೆ ಗೊತ್ತಾಗೋದು? ನೀವೇ ಬರೆದುಕೊಟ್ರೆ ನಾನು ನಿಮ್ಮ ಪುಸ್ತಕ ತಿದ್ದಿದ ಹಾಗಾಗುತ್ತೆ." ಸುಮಾರು ಅಪ್ಪ ಅಮ್ಮಂದಿರು ತಲೆ ತಗ್ಗಿಸಿ ನಕ್ಕರು. "ಒಂದೊಂದು ಮಗು ವಿಷಯ ಎಲ್ಲರ ಮುಂದೆ ಬೇಡ. ಒಬ್ಬೊಬ್ಬರಿಗೂ ಬೇರೆ ದಿನ ಕೊಡ್ತೀನಿ, ಕೂತು ಮಾತಾಡೋಣ."

ಪ್ರಶ್ನೆಗಳ ಸರದಿ ಬಂದಾಗ ಡ್ರೈವರ್ ಮೆಲ್ಲಗೆ ಕೇಳಿದ: "ಟೀಚರ್, ನನಗೆ ಓದೋಕೆ ಅಷ್ಟಾಗಿ ಬರಲ್ಲ. ಕತೆ ಬಾಯಲ್ಲಿ ಹೇಳಿದ್ರೆ ನಡೆಯುತ್ತಾ?"

"ಓಹೋ, ಚೆನ್ನಾಗಿ ನಡೆಯುತ್ತೆ! ಇವತ್ತು ಹೇಳಿ, ನಾಳೆ ಅವಳ ಬಾಯಲ್ಲೇ ಕೇಳ್ತೀನಿ."

ಆತನ ಮುಖ ಅರಳಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಭೆ ಮುಗಿದರೂ ಯಾರೂ ಮನೆಗೆ ಹೊರಡಲಿಲ್ಲ, ದಿನ ಗೊತ್ತುಮಾಡಿಕೊಳ್ಳಲು ಅವಳ ಮೇಜಿಗೆ ಮುತ್ತಿಗೆ ಹಾಕಿದರು. ಆ ಗುಂಪಿನೊಳಗೆ ತೂರಿ ಬಂದ ಮುಖ್ಯೋಪಾಧ್ಯಾಯಿನಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಒಂದನೇ ಕ್ಲಾಸ್ ನಿಮ್ದೇ, ಟೀಚರ್. ನಾನು ಕೇಳಿದ್ರೂ ಕೊಡ್ಬೇಡಿ."