ಗಡಿಯಾರವಿಲ್ಲದ ಚಿಪ್, ಕೇಳದೆ ಹಾಕಿದ ಬೀಗ

ವಿಜಯಪುರದಲ್ಲಿ ರೇಷ್ಮೆಗೆ ಹುರಿ ಹಾಕುವ ಮಿಷನ್ ನಿಂತಿತೆಂದರೆ ಜನ ಮೊದಲು ಲೈನ್‌ಮನ್‌ನನ್ನು ಬಯ್ಯುತ್ತಾರೆ, ಆಮೇಲೆ ಪ್ರಮೋದಾಗೆ ಫೋನ್ ಮಾಡುತ್ತಾರೆ. ಲೈನ್‌ಮನ್ ಬರುವುದು ಅವನಿಷ್ಟ. ಪ್ರಮೋದಾ ಮಾತ್ರ ಸ್ಕೂಟರಿನ ಹಿಂದೆ ಸೋಲ್ಡರಿಂಗ್ ಐರನ್, ಮುಂದೆ ಲ್ಯಾಪ್‌ಟಾಪ್ ಬ್ಯಾಗ್ ಇಟ್ಟುಕೊಂಡು ಬಂದೇ ಬರುತ್ತಾಳೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ "ಹುಡುಗಿ ಕೈಲಿ ಮಿಷನ್ ಮುಟ್ಟಿಸ್ತೀರಾ" ಎಂದು ನಕ್ಕಿದ್ದವರೇ ಈಗ "ಆಯಮ್ಮ ಬಂದ್ರೆ ಓಡ್ತದೆ ಬಿಡಿ" ಎನ್ನುತ್ತಾರೆ. ಅವಳು ದುಡಿದು ಸಂಪಾದಿಸಿದ್ದು ಈ ಒಂದು ಮಾತನ್ನು.

ಅವಳು ಮಾಡುವುದು ಹುರಿ ಮಿಷನ್ನಿನ ಕಂಟ್ರೋಲ್ ಬೋರ್ಡ್. ಸ್ಪಿಂಡಲ್ ಎಷ್ಟು ಸುತ್ತು ತಿರುಗಿತೆಂದು ಎಣಿಸಿ, ಲೆಕ್ಕ ತುಂಬಿದಾಗ ಮೋಟಾರ್ ನಿಲ್ಲಿಸುವ ಸಣ್ಣ ಪೆಟ್ಟಿಗೆ ಅದು. ಬೋರ್ಡ್ ಕಟ್ಟುವುದು ಪ್ರಮೋದಾ, ಅದರ ಚಿಪ್‌ಗೆ ಪ್ರೋಗ್ರಾಂ ಬರೆಯುವುದು ಮುನೀಂದ್ರ. ಕಾಲೇಜಿನಲ್ಲಿ ಒಂದೇ ಬೆಂಚು. ಅವನ ತಾಯಿ ತೀರಿಕೊಂಡ ಮೇಲೆ ಅವನು ಊಟಕ್ಕೆ ಬರುತ್ತಿದ್ದುದು ಪ್ರಮೋದಾಳ ಮನೆಗೇ. ಅವಳ ತಾಯಿ ಮುನಿತಾಯಮ್ಮನನ್ನು ಅವನು ಅಮ್ಮಾ ಎಂದೇ ಕರೆಯುವುದು. ಮುನಿತಾಯಮ್ಮನೂ ಅಷ್ಟೇ, ಅವನು ಬರುವ ದಿನ ಮುದ್ದೆ ಒಂದು ಸುತ್ತು ದೊಡ್ಡದಾಗಿ ಕಟ್ಟುತ್ತಿದ್ದಳು. ಹೊಟ್ಟೆಗಿಟ್ಟ ಮನೆಯ ವಿಷಯದಲ್ಲಿ ಮನುಷ್ಯನಿಗೆ ಒಂದಿಷ್ಟು ನಿಯತ್ತಿರಬೇಕು ಎಂದುಕೊಳ್ಳುವುದು ತಪ್ಪೇನಲ್ಲ.

ಅವರಿಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಇಂಥ ಚಿಪ್‌ಗಳಲ್ಲಿ ಲಾಕ್ ಬಿಟ್ ಎಂದಿರುತ್ತದೆ. ಅದನ್ನು ಹಾಕಿಬಿಟ್ಟರೆ ಒಳಗಿನ ಪ್ರೋಗ್ರಾಂ ಓಡುತ್ತದೆಯೇ ಹೊರತು ಯಾರೂ ಅದನ್ನು ಹೊರಗೆ ಓದಿಕೊಳ್ಳಲಾಗದು. ಕದಿಯುವವರ ಕಾಟಕ್ಕೆ ಎಲ್ಲರೂ ಹಾಕುತ್ತಾರೆ. ಇವರು ಹಾಕುತ್ತಿರಲಿಲ್ಲ. "ನಾಳೆ ನಮ್ಮಿಬ್ರಲ್ಲಿ ಒಬ್ರಿಗೆ ಏನಾದ್ರೂ ಆದ್ರೆ, ಇನ್ನೊಬ್ರು ಚಿಪ್ಪಿಂದಾನೇ ಓದ್ಕೊಂಡು ಕೆಲಸ ನಡೆಸ್ಬೇಕು ಕಣೋ" ಎಂದು ಪ್ರಮೋದಾ ಮೊದಲ ದಿನವೇ ಹೇಳಿದ್ದಳು. ಅವನು ಒಪ್ಪಿದ್ದ. ಆ ಧೈರ್ಯದ ಮೇಲೆ ಅವಳು ಪ್ರೋಗ್ರಾಮಿನ ಒಂದು ಪ್ರತಿಯನ್ನೂ ತನ್ನ ಹತ್ತಿರ ಇಟ್ಟುಕೊಳ್ಳಲಿಲ್ಲ. ಎಷ್ಟು ನಂಬಿದ್ದಳು ನೋಡಿ!

ಆ ಬೆಳಗ್ಗೆ ವೆಂಕಟರಾಮಪ್ಪನವರ ಯೂನಿಟ್ಟಿನಲ್ಲಿ ಮೂಲೆಯದೊಂದನ್ನು ಬಿಟ್ಟು ಹುರಿ ಮಿಷನ್ನುಗಳೆಲ್ಲ ಸಾಲಾಗಿ ಸುಮ್ಮನೆ ನಿಂತಿದ್ದವು. ಎಳೆ ತುಂಡಾದರೆ ಬಜರ್ ಕೂಗಬೇಕೆಂದು ಅವರು ಕೇಳಿದ್ದರಿಂದ ಮುನೀಂದ್ರ ಚಿಪ್‌ಗಳನ್ನು ಕಳಚಿಕೊಂಡು ಹೋಗಿ, ಹೊಸ ಪ್ರೋಗ್ರಾಂ ತುಂಬಿ, "ಎಲ್ಲಾ ಟೆಸ್ಟ್ ಮಾಡಿದೀನಿ, ಸುಮ್ನೆ ಕೂರ್ಸು" ಎಂದು ಕೊಟ್ಟಿದ್ದ. ಪ್ರಮೋದಾ ಕೂರಿಸಿದಳು. ಡಿಸ್‌ಪ್ಲೇಯ ದೀಪ ಹತ್ತಿತು, ಮೇಲಿನ ಸಾಲಿನಲ್ಲಿ ಕಪ್ಪು ಚೌಕಗಳು ಬಂದು ಕೂತವು. ಅಷ್ಟೇ. ಒಂದು ಬೋರ್ಡ್ ಅಲ್ಲ, ಎಲ್ಲವೂ ಹಾಗೇ.

"ಏನಮ್ಮಾ ಇದು? ಕೆಟ್ಟಿದ್ದನ್ನ ಸರಿಮಾಡೋರ್ನ ನೋಡಿದೀನಿ, ಓಡ್ತಿದ್ದಿದ್ದನ್ನ ನಿಲ್ಸೋರ್ನ ಇವತ್ತೇ ನೋಡ್ತಿರೋದು," ಎಂದರು ವೆಂಕಟರಾಮಪ್ಪ. ಕೆಟ್ಟ ಮನುಷ್ಯರೇನಲ್ಲ, ಆದರೆ ಕೆಲಸ ನಿಂತರೆ ಅವರ ನಾಲಿಗೆ ನಿಲ್ಲುವುದಿಲ್ಲ. "ಸಾಯಂಕಾಲದೊಳಗೆ ಓಡ್ಲಿಲ್ಲ ಅಂದ್ರೆ ನಾನು ಬೇರೆಯೋರ್ನ ಕರೆಸ್ತೀನಿ. ಆಮೇಲೆ ಬೇಜಾರ್ ಮಾಡ್ಕೋಬೇಡ."

ಬೇರೆಯವರನ್ನು ಕರೆಸಿದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ ಎಂದು ಪ್ರಮೋದಾಗೆ ಗೊತ್ತು. ಇವರ ಯೂನಿಟ್ ಬಿಟ್ಟಿತೆಂದರೆ ಬೀದಿಯೇ ಬಿಡುತ್ತದೆ. ಆಯಮ್ಮ ಬಂದರೆ ಓಡುತ್ತದೆ ಎಂಬ ಮಾತು ಮಧ್ಯಾಹ್ನದ ಟೀ ಅಂಗಡಿಯಲ್ಲೇ ತಿರುಗಿಬೀಳುತ್ತದೆ.

ಮುನೀಂದ್ರನಿಗೆ ಫೋನ್ ಮಾಡಿದಳು. "ನನ್ ಬೋರ್ಡಲ್ಲಿ ಹಾಕಿ ನೋಡಿದೀನಿ ಕಣೇ, ಎಲ್ಲಾ ಓಡ್ತಿದ್ವು. ನಿನ್ ಸಪ್ಲೈ ಏನೋ ಜಾಸ್ತಿ ಹೊಡ್ದಿರ್ಬೇಕು. ಚಿಪ್ ಸತ್ತೋಗಿದಾವೆ, ಬಿಸಾಕು," ಎಂದ. ಅವಸರದಲ್ಲಿದ್ದೀನಿ ಎಂದು ಇಟ್ಟುಬಿಟ್ಟ.

ಪ್ರಮೋದಾ ಸಪ್ಲೈ ಅಳೆದಳು, ಸರಿಯಾಗಿತ್ತು. ಚಿಪ್ ಮೇಲೆ ಬೆರಳಿಟ್ಟಳು, ಬಿಸಿಯಿಲ್ಲ, ಸುಟ್ಟ ವಾಸನೆಯಿಲ್ಲ. ಚಿಪ್‌ಗೆ ಪ್ರೋಗ್ರಾಂ ತುಂಬುವ ಪ್ರೋಗ್ರಾಮರ್ ಎಂಬ ಸಣ್ಣ ಸಾಧನಕ್ಕೆ ಅವನ್ನು ಸಿಕ್ಕಿಸಿದಳು. ಪ್ರತಿ ಚಿಪ್ಪೂ ತನ್ನ ಗುರುತಿನ ಸಂಖ್ಯೆ ಹೇಳಬೇಕು, ಲ್ಯಾಪ್‌ಟಾಪಿನಲ್ಲಿ ಬಂದದ್ದು ಬರೀ ಸೊನ್ನೆ. ಅದೇ ಕೇಬಲ್ಲಿಗೆ ಒಂದು ಹೊಸ ಚಿಪ್ ಸಿಕ್ಕಿಸಿದಾಗ ಅದು ತಕ್ಷಣ ಗುರುತು ಹೇಳಿತು. ಕೇಬಲ್ಲಿನ ತಪ್ಪಲ್ಲ. ಎಲ್ಲ ಚಿಪ್‌ಗಳೂ ಮಾತಾಡಿಕೊಂಡವರ ಹಾಗೆ ಒಟ್ಟಿಗೆ ಸಾಯುತ್ತವೆಯೇ?

ಆಗ ಅವಳಿಗೆ ಗಡಿಯಾರದ ನೆನಪಾಯಿತು. ಚಿಪ್‌ನೊಳಗೆ ಫ್ಯೂಸ್ ಬಿಟ್ ಎಂದು ಕೆಲವಿರುತ್ತವೆ. ಮನೆಯ ಮೀಟರ್ ಪಕ್ಕದ ಫ್ಯೂಸಿನಂತೆ ಸುಡುವಂಥವಲ್ಲ, ಕರೆಂಟ್ ಹೋದರೂ ಅಳಿಯದೆ ಉಳಿಯುವ ಸೆಟ್ಟಿಂಗ್‌ಗಳು. ಚಿಪ್ ಯಾವ ಗಡಿಯಾರದ ಬಡಿತಕ್ಕೆ ಓಡಬೇಕೆಂದು ಹೇಳುವುದು ಅವೇ. ಪ್ರಮೋದಾಳ ಬೋರ್ಡಿನಲ್ಲಿ ಚಿಪ್ ತನ್ನೊಳಗಿನ ಗಡಿಯಾರಕ್ಕೇ ಓಡುತ್ತದೆ, ಹೊರಗಿನಿಂದ ಬಡಿತ ಕೊಡುವ ಕ್ರಿಸ್ಟಲ್ ಎಂಬ ಬಿಡಿಭಾಗ ಅದರಲ್ಲಿಲ್ಲ. ಅಂಥ ಚಿಪ್‌ಗೆ ಯಾರಾದರೂ "ಹೊರಗಿನ ಕ್ರಿಸ್ಟಲ್ ನೋಡಿಕೋ" ಎಂದು ಫ್ಯೂಸ್ ಬರೆದರೆ, ಅದು ಇಲ್ಲದ ಬಡಿತಕ್ಕೆ ಕಾಯುತ್ತಾ ಕೂರುತ್ತದೆ. ಪ್ರೋಗ್ರಾಮರ್ ಕೇಳಿದ್ದಕ್ಕೆ ಉತ್ತರಿಸುವುದಕ್ಕೂ ಅದಕ್ಕೆ ಬಡಿತ ಬೇಕು. ನೋಡುವವರಿಗೆ ಸತ್ತ ಹಾಗೇ.

ಹಳೆಯ ಬೋರ್ಡೊಂದರಿಂದ ಎಂಟು ಮೆಗಾಹರ್ಟ್ಸ್ ಕ್ರಿಸ್ಟಲ್ ಕಿತ್ತಳು. ಚಿಪ್ಪಿನ ಒಂಬತ್ತು ಮತ್ತು ಹತ್ತನೇ ಕಾಲುಗಳ ನಡುವೆ ಅದನ್ನು ಸೇರಿಸಿ, ಎರಡೂ ಕಾಲುಗಳಿಂದ ಗ್ರೌಂಡಿಗೆ ಒಂದೊಂದು ಪುಟ್ಟ ಕೆಪಾಸಿಟರ್ ಕೊಟ್ಟು ಮತ್ತೆ ಕೇಳಿದಳು. ಸೊನ್ನೆ ಹೋಗಿ ಗುರುತಿನ ಸಂಖ್ಯೆ ಬಂತು. ಚಿಪ್ ಸತ್ತಿರಲೇ ಇಲ್ಲ!

ಫ್ಯೂಸ್ ಓದಿದಳು. ಅವಳು ಊಹಿಸಿದ ಹಾಗೇ ಕ್ರಿಸ್ಟಲ್ ಎಂದು ಬರೆದಿತ್ತು. ಮುನೀಂದ್ರನ ಟೆಸ್ಟ್ ಬೋರ್ಡಿನಲ್ಲಿ ಕ್ರಿಸ್ಟಲ್ ಇದ್ದಿರಬೇಕು, ಅದಕ್ಕೇ ಅಲ್ಲಿ ಓಡಿವೆ. ಅವಳಿಗೆ ನಗು ಬಂತು. ನಿಜವಾಗಿಯೂ ಹೊಟ್ಟೆ ತಣ್ಣಗಾಯಿತು. ಪಾಪ, ಅವಸರದಲ್ಲಿ ಮರೆತಿದ್ದಾನೆ, ಎಂಥವರಿಗೂ ಆಗುವ ತಪ್ಪು. ಸಂಜೆ ಅಮ್ಮನ ಮುಂದೆ ಕೂರಿಸಿ ಚೆನ್ನಾಗಿ ಕಾಲೆಳೆಯಬೇಕು ಎಂದುಕೊಂಡಳು.

ಫ್ಯೂಸನ್ನು ಮೊದಲಿನಂತೆ ಒಳಗಿನ ಗಡಿಯಾರಕ್ಕೆ ತಿದ್ದಿ ಬರೆದಳು. ತಿರುಗಿ ಓದಿದಾಗ ಹಳೆಯದೇ ಇತ್ತು. ಮತ್ತೆ ಬರೆದಳು, ಮತ್ತೆ ಅದೇ. ಆಗ ಲಾಕ್ ಓದಿ ನೋಡಿದಳು. ಬೀಗ ಬಿದ್ದಿತ್ತು, ಅದೂ ಪೂರ್ತಿ ಬೀಗ. ಈ ಬೀಗ ಬಿದ್ದ ಮೇಲೆ ಪ್ರೋಗ್ರಾಂ ಹೊರಗೆ ಓದಲಾಗದು, ಫ್ಯೂಸನ್ನೂ ಬದಲಿಸಲಾಗದು. ತೆಗೆಯಬೇಕೆಂದರೆ ಇಡೀ ಚಿಪ್ ಅಳಿಸಬೇಕು. ಅಳಿಸಿದರೆ ಬೀಗದ ಜೊತೆ ಪ್ರೋಗ್ರಾಮೂ ಹೋಗುತ್ತದೆ. ಒಂದೊಂದಾಗಿ ಎಲ್ಲ ಚಿಪ್ ನೋಡಿದಳು, ಎಲ್ಲಕ್ಕೂ ಬೀಗ.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಫ್ಯೂಸ್ ಕೈತಪ್ಪಿ ಬಂದಿರಬಹುದು ಎಂದು ಇನ್ನೂ ನಂಬಬಹುದಿತ್ತು. ಬೀಗ?

ಆದರೂ ಮಿಷನ್ ಓಡಬೇಕಲ್ಲ. ಕ್ರಿಸ್ಟಲ್ ಕೊಟ್ಟರೆ ಬೀಗ ಹಾಕಿದ ಪ್ರೋಗ್ರಾಂ ಅಳಿಸದೆಯೇ ಓಡುತ್ತದೆ. ಒಂದು ಬೋರ್ಡಿಗೆ ಕ್ರಿಸ್ಟಲ್, ಕೆಪಾಸಿಟರ್ ಬೆಸೆದು ಸ್ವಿಚ್ ಹಾಕಿದಳು. ಕಪ್ಪು ಚೌಕಗಳು ಹೋಗಿ ಅಕ್ಷರ ಮೂಡಿದವು. ಮೊದಲೆಲ್ಲ ಅವರಿಬ್ಬರ ಕಂಪನಿಯ ಹೆಸರು ಬರುತ್ತಿದ್ದ ಜಾಗದಲ್ಲಿ "ಹರಿ ಕಂಟ್ರೋಲ್ಸ್" ಎಂದು ಬಂತು.

ವೆಂಕಟರಾಮಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಲ್ಲಮ್ಮಾ, ಇವ್ರೇ ಅಲ್ವಾ ಮೊನ್ನೆ ಬಂದಿದ್ದು? ದೊಡ್ಡಬಳ್ಳಾಪುರದ ಹರಿಪ್ರಸಾದು. ಮುನೀಂದ್ರನೇ ಕರ್ಕೊಂಡ್ ಬಂದಿದ್ದ. 'ಪ್ರಮೋದಾ ಬೋರ್ಡು ಇನ್ನೇನು ಕೈಕೊಡ್ತವೆ ಅಣ್ಣ, ಆವಾಗ ನಮ್ಗೆ ಹೇಳಿ, ನಮ್ ಬೋರ್ಡ್ ತಂದು ಅದೇ ಚಿಪ್ ಹಾಕಿ ಓಡಿಸ್ತೀವಿ' ಅಂದ ಮುನೀಂದ್ರ. ನಿಂಗೆ ಗೊತ್ತಿರ್ತದೆ ಅಂದ್ಕಂಡೆ."

ಗೊತ್ತಿರಲಿಲ್ಲ. ಅವರ ಬೋರ್ಡಿನಲ್ಲಿ ಕ್ರಿಸ್ಟಲ್ ಇರುತ್ತದೆ, ಅದೇ ಚಿಪ್ ಅಲ್ಲಿ ಓಡಿದರೆ ತಪ್ಪೆಲ್ಲ ಇವಳ ಬೋರ್ಡಿನದೆಂದಾಗುತ್ತದೆ. ಮೊನ್ನೆ ಎಂದರೆ ಅದೇ ದಿನ ಅವನು ಅವಳ ಮನೆಯಲ್ಲಿ ಎರಡು ಸಲ ಸಾರು ಹಾಕಿಸಿಕೊಂಡು ಉಂಡಿದ್ದ. ಬೋರ್ಡ್ ಸಾಯುವ ಮೊದಲೇ ಸಾವಿನ ಸುದ್ದಿ ಹಂಚಿ ಬಂದಿದ್ದ ಮಹಾನುಭಾವ!

"ಹೋಗ್ಲಿ ಬಿಡು, ಓಡ್ತಲ್ಲ. ಹೆಸ್ರು ಯಾವ್ದಾದ್ರೇನು, ಮಿಕ್ಕಿದ್ದಕ್ಕೂ ಇದೇ ಮಾಡು," ಎಂದರು ವೆಂಕಟರಾಮಪ್ಪ.

ಪ್ರಮೋದಾ ಒಂದು ಕ್ಷಣ ಯೋಚಿಸಿದಳು. ಹಾಗೆಯೇ ಬಿಟ್ಟರೆ ಇವತ್ತಿನ ಮಟ್ಟಿಗೆ ಮಾನ ಉಳಿಯುತ್ತದೆ. ನಾಳೆ ಪ್ರತಿ ಮಿಷನ್ನೂ ಅವಳ ಬೋರ್ಡಿನ ಮೇಲೆ ಅವನ ಹೊಸ ಯಜಮಾನನ ಹೆಸರು ತೋರಿಸುತ್ತಾ ಓಡುತ್ತದೆ. ಏನು ಕೆಟ್ಟರೂ ಒಳಗೆ ಕೈ ಹಾಕಲು ಅವಳಿಂದಾಗದು.

"ಇಲ್ಲಣ್ಣ. ಆ ಮೂಲೆ ಮಿಷನ್ ಒಂದ್ಗಳಿಗೆ ನಿಲ್ಸಿ," ಎಂದಳು.

ಮೂಲೆಯ ಮಿಷನ್ ನಡೆಸುವ ಮುತ್ತಮ್ಮ ಬಜರ್ ಬೇಡವೇ ಬೇಡ ಎಂದು ಹಟ ಹಿಡಿದಿದ್ದರಿಂದ ಅದರ ಚಿಪ್ ಒಂದೇ ಮುನೀಂದ್ರನ ಕೈಗೆ ಹೋಗಿರಲಿಲ್ಲ. "ಬೇಗ ಕೊಡವ್ವ, ನಂದೂ ನಿಲ್ಲಿಸ್ಬಿಟ್ಟೀಯ," ಎಂದು ಗೊಣಗುತ್ತಲೇ ಅವಳು ಮೋಟಾರ್ ಆಫ್ ಮಾಡಿದಳು. ಆ ಚಿಪ್‌ಗೆ ಬೀಗವಿರಲಿಲ್ಲ. ಹಳೆಯ ಪ್ರೋಗ್ರಾಂ ಪೂರ್ತಿ ಲ್ಯಾಪ್‌ಟಾಪಿಗೆ ಇಳಿಯಿತು.

ಆಮೇಲೆ ಪ್ರಮೋದಾ ಒಂದೊಂದೇ ಚಿಪ್ ಕ್ರಿಸ್ಟಲ್ಲಿಗೆ ಸಿಕ್ಕಿಸಿ ಪೂರ್ತಿ ಅಳಿಸಿದಳು. ಅಳಿಸಿದರೆ ಬೀಗ ಹೋಗುತ್ತದೆ, ಫ್ಯೂಸ್ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಒಳಗಿನ ಗಡಿಯಾರಕ್ಕೆ ತಿದ್ದಿ, ಈ ಸಲ ತಿದ್ದಿದ್ದು ನಿಂತಿತೇ ಎಂದು ಓದಿ ನೋಡಿ, ಹಳೆಯ ಪ್ರೋಗ್ರಾಂ ತುಂಬಿದಳು. ಕ್ರಿಸ್ಟಲ್ ಬಿಚ್ಚಿ ಬೋರ್ಡಿಗೆ ಕೂರಿಸಿ, ಸುತ್ತಿನ ಲೆಕ್ಕವನ್ನು ಮತ್ತೆ ಒತ್ತಿದಳು. ಬಜರ್ ಕೂಗಲಿಲ್ಲ, ಸಂಜೆಯಾಗುವ ಮೊದಲು ಮಿಷನ್ನುಗಳು ಮಾತ್ರ ಎಲ್ಲವೂ ಓಡಿದವು. ವೆಂಕಟರಾಮಪ್ಪ, "ಬಜರ್ ನೀನೇ ನಿಧಾನಕ್ಕೆ ಮಾಡಮ್ಮ. ಮುನೀಂದ್ರಂಗೂ ಆ ಹರಿಪ್ರಸಾದಂಗೂ ಬರ್ಬೇಡಿ ಅಂತ ಹೇಳ್ತೀನಿ," ಎಂದು ಅವಳೆದುರಿಗೇ ಫೋನ್ ತೆಗೆದರು.

ಅವರು ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಅವಳ ಫೋನ್ ಬಡಿದುಕೊಂಡಿತು.

"ಲೇ, ಫ್ಯೂಸ್‌ನ ಕ್ರಿಸ್ಟಲ್ ಅಂತ ಬರ್ದುಬಿಟ್ಟಿದ್ನಂತೆ? ವೆಂಕಟರಾಮಪ್ಪ ಹೇಳಿದ್ರು. ಮರ್ತೇಬಿಟ್ಟಿದ್ದೆ ಕಣೇ," ಎಂದ ಮುನೀಂದ್ರ.

"ಬೀಗಾನೂ ಮರ್ತು ಹಾಕ್ದ್ಯೇನೋ?"

ಅವನು ಬಯ್ಯಲಿ, ಜಗಳವಾಡಲಿ, ಒಂದು ಸುಳ್ಳನ್ನಾದರೂ ಹೇಳಲಿ ಎಂದು ಅವಳು ಕಾದಳು. ಸುಳ್ಳು ಹೇಳಿದ್ದರೆ ಅದನ್ನೂ ನಂಬಿಬಿಡುತ್ತಿದ್ದಳೇನೋ, ಅಷ್ಟು ಆಸೆಯಿತ್ತು ಅವಳಿಗೆ.

"ಅಮ್ಮಂಗೆ ಮಾತ್ರ ಹೇಳ್ಬೇಡ ಕಣೇ," ಎಂದ ಅವನು ಕೊನೆಗೆ.

ಅಷ್ಟು ಹೊತ್ತೂ ಅಳದೆ ಕೆಲಸ ಮಾಡಿದ್ದ ಪ್ರಮೋದಾ ಅಲ್ಲೇ, ಓಡುತ್ತಿದ್ದ ಮಿಷನ್ನುಗಳ ನಡುವೆ ಅತ್ತುಬಿಟ್ಟಳು. ಫೋನ್ ಕಟ್ ಮಾಡಿ, ಮುಖ ಒರೆಸಿಕೊಂಡು, ಸ್ಕೂಟರ್ ಹತ್ತಿ ಸೀದಾ ಮನೆಗೆ ಹೋದಳು. ಒಲೆಯ ಮುಂದಿದ್ದ ಮುನಿತಾಯಮ್ಮ ತಿರುಗಿ ನೋಡದೆಯೇ, "ಮುನೀಂದ್ರ ಎಲ್ಲವ್ವ? ಅವ್ನಿಗೂ ಹಿಟ್ಟು ಹಾಕಿದೀನಿ," ಎಂದಳು.

"ಅವ್ನು ಇನ್ಮೇಲೆ ಬರಲ್ಲಮ್ಮ," ಎಂದು ಪ್ರಮೋದಾ ಅಲ್ಲೇ ನೆಲದ ಮೇಲೆ ಕೂತು, ಒಂದೂ ಬಿಡದೆ ಎಲ್ಲ ಹೇಳಿದಳು.